ಯುರೋದಲ್ಲಿ ಬಂದ ದುಡ್ಡು, ಪುಣೆಯಲ್ಲಿ ಬಿದ್ದ ತೆರಿಗೆ: ಒಂದು ಪ್ರಕರಣ

ಕಾಕಾ ನನಗೆ ರಕ್ತಸಂಬಂಧಿ ಅಲ್ಲ. ಧಾರವಾಡದವರು, ಪುಣೆಗೆ ಬಂದು ನಲವತ್ತು ವರ್ಷ ಆಗಿದೆ. ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಟೂಲ್ ಡಿಸೈನ್ ವಿಭಾಗ ನೋಡಿಕೊಂಡಿದ್ದವರು, ನಿವೃತ್ತಿಯಾದ ಮೇಲೆ ಭೋಸರಿಯಲ್ಲಿ ಸಣ್ಣ ಆಫೀಸು ತೆರೆದರು. ಇಬ್ಬರು ಹುಡುಗರು, ನಾಲ್ಕು ಕಂಪ್ಯೂಟರು, ದುಬಾರಿಯ ಒಂದು ಡ್ರಾಯಿಂಗ್ ಸಾಫ್ಟ್‌ವೇರು. ಇಡೀ ಆಫೀಸಿಗೆ ಗಿರಾಕಿ ಒಬ್ಬನೇ, ಸಿಎನ್‌ಸಿ ಯಂತ್ರ ತಯಾರಿಸುವ ಒಂದು ಜರ್ಮನ್ ಕಂಪನಿ.

2023ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿದರು. "ತಮ್ಮಾ, ರೊಕ್ಕ ಯುರೋದಾಗ ಬಂದೈತಿ, ಬ್ಯಾಂಕಿನ ಕಾಗದ ಐತಿ. ಆದರೂ ಇವರು ಇದು ಎಕ್ಸ್‌ಪೋರ್ಟ್ ಅಲ್ಲ ಅಂತ ನೋಟಿಸ್ ಕಳಿಸ್ಯಾರ. ಇದೆಂಥಾ ಲೆಕ್ಕ?"

ಕೇಳಿದ್ದು ಸರಿಯಾದ ಪ್ರಶ್ನೆಯೇ. ನಮ್ಮಲ್ಲಿ ಬಹಳ ಜನ ಹಾಗೇ ತಿಳಿದಿದ್ದಾರೆ: ಗಿರಾಕಿ ಹೊರದೇಶದಲ್ಲಿದ್ದಾನೆ, ದುಡ್ಡು ಡಾಲರಿನಲ್ಲೋ ಯುರೋದಲ್ಲೋ ಬಂತು, ಹಾಗಾಗಿ ಅದು ರಫ್ತು, ಜಿಎಸ್‌ಟಿ ಇಲ್ಲ. ಈ ಎರಡೂ ಬೇಕು ನಿಜ, ಆದರೆ ಎರಡೇ ಸಾಲದು. ರಾಜ್ಯ ರಾಜ್ಯಗಳ, ದೇಶ ದೇಶಗಳ ನಡುವಿನ ವಹಿವಾಟಿಗೆ ಇರುವ ಐಜಿಎಸ್‌ಟಿ ಕಾಯ್ದೆಯ 2(6)ನೇ ಕಲಮಿನಲ್ಲಿ ಸೇವಾ ರಫ್ತಿಗೆ ಐದು ಷರತ್ತುಗಳಿವೆ. ಸೇವೆ ಕೊಡುವವರು ಭಾರತದಲ್ಲಿರಬೇಕು. ಪಡೆಯುವವರು ಹೊರಗಿರಬೇಕು. ದುಡ್ಡು ವಿದೇಶಿ ವಿನಿಮಯದಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು. ಇಬ್ಬರೂ ಒಂದೇ ಸಂಸ್ಥೆಯ ಎರಡು ಕಚೇರಿಗಳಾಗಿರಬಾರದು. ಈ ನಾಲ್ಕರಲ್ಲಿ ಕಾಕಾಗೆ ಯಾವ ತಕರಾರೂ ಇರಲಿಲ್ಲ. ಸಿಕ್ಕಿಬಿದ್ದದ್ದು ಉಳಿದ ಒಂದರಲ್ಲಿ: ಸೇವೆಯ 'ಪೂರೈಕೆಯ ಸ್ಥಳ' ಭಾರತದ ಹೊರಗಿರಬೇಕು.

ಈ 'ಸ್ಥಳ' ಅನ್ನುವುದು ಕಣ್ಣಿಗೆ ಕಾಣುವ ಸ್ಥಳವಲ್ಲ. ಕುರ್ಚಿ ಮಾರಿದರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸಬಹುದು. ಒಂದು ಡ್ರಾಯಿಂಗ್ ಫೈಲು ಇಮೇಲಿನಲ್ಲಿ ಹೋದರೆ ಅದನ್ನು 'ಎಲ್ಲಿ' ಕೊಟ್ಟಂತಾಯಿತು? ಅದಕ್ಕೇ ಕಾಯ್ದೆ ತಾನೇ ಒಂದು ಜಾಗ ಗೊತ್ತುಮಾಡುತ್ತದೆ. ಆ ಜಾಗ ಯಾವ ದೇಶದಲ್ಲಿ ಬೀಳುತ್ತದೋ ಆ ದೇಶಕ್ಕೆ ತೆರಿಗೆ. ಕೊಡುವವರು ಅಥವಾ ಪಡೆಯುವವರು, ಇಬ್ಬರಲ್ಲಿ ಒಬ್ಬರು ಹೊರದೇಶದಲ್ಲಿದ್ದರೆ 13ನೇ ಕಲಮನ್ನು ನೋಡಬೇಕು. ಅದರ ಸಾಮಾನ್ಯ ನಿಯಮ ಸರಳ, ಸೇವೆ ಪಡೆಯುವವರು ಎಲ್ಲಿದ್ದಾರೋ ಅದೇ ಪೂರೈಕೆಯ ಸ್ಥಳ. ತಲೆನೋವು ಕೊಡುವುದು ಅದರ ಕೆಳಗಿರುವ ಅಪವಾದಗಳು. ಆಗ ಅವುಗಳಲ್ಲಿ ಇದ್ದ ಒಂದು 13(8)(b): ಕೊಟ್ಟದ್ದು ಮಧ್ಯವರ್ತಿಯ ಸೇವೆಯಾದರೆ, ಸೇವೆ ಕೊಡುವವರು ಇರುವ ಊರೇ ಪೂರೈಕೆಯ ಸ್ಥಳ.

ಅಂದರೆ ಕಾಕಾ ಮಧ್ಯವರ್ತಿಯಾದರೆ ಪೂರೈಕೆಯ ಸ್ಥಳ ಭೋಸರಿ. ಅಲ್ಲದಿದ್ದರೆ ಜರ್ಮನಿ. ಇಡೀ ಜಗಳ ಇಷ್ಟೇ.

ಕಡತದಲ್ಲಿ ಏನಿತ್ತು

ಆ ಶನಿವಾರ ಅವರ ಮನೆಗೆ ಹೋದೆ. ಕಾಕು ಗಿರ್ಮಿಟ್ಟು ಮಾಡಿಟ್ಟಿದ್ದರು. ಕಾಕಾ ಮೇಜಿನ ಮೇಲೆ ಕಾಗದ ಹರವಿಕೊಂಡು ಕೂತಿದ್ದರು.

ಒಪ್ಪಂದ ಒಂದೇ, ಆದರೆ ಅದರಲ್ಲಿ ಕೆಲಸ ಎರಡು. ಮೊದಲನೆಯದು ಡ್ರಾಯಿಂಗ್. ಯಂತ್ರದಲ್ಲಿ ಬಿಡಿಭಾಗವನ್ನು ಹಿಡಿದು ನಿಲ್ಲಿಸುವ ಫಿಕ್ಸ್ಚರುಗಳ ವಿನ್ಯಾಸ ಮಾಡಿ ಜರ್ಮನಿಗೆ ಕಳಿಸಬೇಕು. ಅದಕ್ಕೆ ತಿಂಗಳಿಗೆ ನಿಗದಿ ಶುಲ್ಕ, ರೂಪಾಯಿಯಲ್ಲಿ ಸುಮಾರು 3.5 ಲಕ್ಷ. ಎರಡನೆಯದು ಅನುಬಂಧದಲ್ಲಿತ್ತು. ಚಾಕಣ, ಪಿಂಪರಿ ಕಡೆಯ ಕಾರ್ಖಾನೆಗಳಿಗೆ ಕಂಪನಿಯ ಯಂತ್ರ ಪರಿಚಯಿಸಿ, ಮಾರಾಟ ಕುದುರಿದರೆ ಬೆಲೆಯ ಮೇಲೆ 3% ಕಮಿಷನ್. 2022-23ರಲ್ಲಿ ನಿಗದಿ ಶುಲ್ಕ 42 ಲಕ್ಷ ಬಂದಿತ್ತು. 4 ಕೋಟಿಯ ಯಂತ್ರ ಮಾರಾಟವಾಗಿ 12 ಲಕ್ಷ ಕಮಿಷನ್ ಬಂದಿತ್ತು. ಒಟ್ಟು 54 ಲಕ್ಷ.

ಬಿಲ್ಲು ಮಾತ್ರ ಒಂದೇ. ಕಮಿಷನ್ ಬಂದ ತಿಂಗಳು ಅದನ್ನೂ ಶುಲ್ಕಕ್ಕೆ ಸೇರಿಸಿ 'ವ್ಯಾಪಾರ ಬೆಂಬಲ ಸೇವೆ' ಅಂತ ಒಂದೇ ಸಾಲು ಬರೆದಿದ್ದರು. ಆಗ ಲೆಕ್ಕ ನೋಡುತ್ತಿದ್ದವರು ವರ್ಷದ ಮೊದಲಲ್ಲಿ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಹಾಕಿ, ಇಡೀ 54 ಲಕ್ಷವನ್ನೂ ತೆರಿಗೆಯಿಲ್ಲದ ರಫ್ತು ಅಂತ ತೋರಿಸಿದ್ದರು. ಬಾಡಿಗೆ, ಸಾಫ್ಟ್‌ವೇರು, ಕಂಪ್ಯೂಟರ್ ದುರಸ್ತಿ ಇವುಗಳ ಮೇಲೆ ಕಾಕಾ ಕಟ್ಟಿದ್ದ ಜಿಎಸ್‌ಟಿ 1.80 ಲಕ್ಷ ಇನ್‌ಪುಟ್ ಕ್ರೆಡಿಟ್ ಆಗಿ ಕೂತಿತ್ತು. ಅದಷ್ಟನ್ನೂ ವಾಪಸ್ ಕೇಳಿ RFD-01 ಅರ್ಜಿ ಸಲ್ಲಿಸಿದ್ದರು.

ಅದಕ್ಕೆ ಉತ್ತರವಾಗಿ ಬಂದದ್ದು RFD-08, ರೀಫಂಡ್ ಯಾಕೆ ತಿರಸ್ಕರಿಸಬಾರದು ಅಂತ ಕೇಳುವ ನೋಟಿಸು. ಉತ್ತರಕ್ಕೆ 15 ದಿನ ಸಮಯ. ಅಧಿಕಾರಿಯ ವಾದ ಗಟ್ಟಿಯಾಗಿಯೇ ಇತ್ತು. ಒಪ್ಪಂದದಲ್ಲಿ ಕಮಿಷನ್ ಇದೆ, ಬಿಲ್ಲಿನಲ್ಲಿ ಕೆಲಸ ಬೇರೆ ಬೇರೆ ಮಾಡಿಲ್ಲ, ಜೊತೆಗೆ ಒಂದು ಇಮೇಲ್. ಅದನ್ನು ಕಾಕಾ ಅವರೇ ದಾಖಲೆ ಅಂತ ಕೊಟ್ಟಿದ್ದರು! ಮೇಲ್ಗಡೆ ಡ್ರಾಯಿಂಗಿನ ವಿಷಯ, ಕೆಳಗೆ ಎರಡು ಸಾಲು: ಚಾಕಣದ ಗಿರಾಕಿ ರೆಡಿ ಇದ್ದಾರೆ, 2% ಬೆಲೆ ಇಳಿಸಿದರೆ ಈ ತಿಂಗಳೇ ಆರ್ಡರ್ ಕೊಡುತ್ತಾರೆ. ಅಧಿಕಾರಿ ಆ ಸಾಲಿನ ಕೆಳಗೆ ಗೆರೆ ಎಳೆದು, ಇಡೀ ಒಪ್ಪಂದವೇ ದಲ್ಲಾಳಿ ಕೆಲಸ ಅಂತ ಬರೆದಿದ್ದರು. ಆ ಮಾತು ನಿಂತರೆ ರೀಫಂಡ್ ಹೋಗುವುದಲ್ಲದೆ, 54 ಲಕ್ಷದ ಮೇಲೆ 18% ಲೆಕ್ಕದಲ್ಲಿ 9.72 ಲಕ್ಷ ತೆರಿಗೆ, ಮೇಲೆ ಬಡ್ಡಿ.

ಮಧ್ಯವರ್ತಿ ಅಂದರೆ ಯಾರು

ಕಾಯ್ದೆಯ 2(13)ರಲ್ಲಿ ಇದರ ವ್ಯಾಖ್ಯೆ ಇದೆ. ದಲ್ಲಾಳಿ, ಏಜೆಂಟ್ ಅಥವಾ ಬೇರೆ ಯಾವುದೇ ಹೆಸರಿನವರು, ಇಬ್ಬರ ನಡುವೆ ಸರಕು ಅಥವಾ ಸೇವೆಯ ಪೂರೈಕೆಯನ್ನು ಏರ್ಪಡಿಸಿದರೆ ಅಥವಾ ಅದಕ್ಕೆ ಅನುಕೂಲ ಮಾಡಿಕೊಟ್ಟರೆ ಅವರು ಮಧ್ಯವರ್ತಿ. ಆದರೆ ಆ ಸರಕನ್ನೋ ಸೇವೆಯನ್ನೋ ತಾವೇ ಸ್ವಂತ ಲೆಕ್ಕದಲ್ಲಿ ಕೊಡುವವರು ಮಧ್ಯವರ್ತಿಯಲ್ಲ. 'ಅನುಕೂಲ' ಅನ್ನುವ ಮಾತು ಎಷ್ಟು ಎಳೆದರೂ ಹಿಗ್ಗುತ್ತದೆ. ಬ್ಯಾಕ್ ಆಫೀಸ್ ಕೆಲಸ ಮಾಡುವ ಕಾಲ್ ಸೆಂಟರುಗಳನ್ನೂ ಅದರೊಳಗೆ ಎಳೆದುಕೊಂಡ ಉದಾಹರಣೆಗಳಿವೆ.

ಇದು ಜಿಎಸ್‌ಟಿ ತಂದ ಹೊಸ ಕಾಟವೇನಲ್ಲ. ಸೇವಾ ತೆರಿಗೆಯ ಕಾಲದಲ್ಲಿ, 2012ರ ನಿಯಮಗಳಲ್ಲೇ ಇತ್ತು. ಆಗ ಸೇವೆಯ ದಲ್ಲಾಳಿಗಳಿಗೆ ಮಾತ್ರ. 2014ರ ಅಕ್ಟೋಬರ್ 1ರಿಂದ ಸರಕಿನ ದಲ್ಲಾಳಿಗಳನ್ನೂ ಸೇರಿಸಿದರು. ಯಂತ್ರ ಮಾರಿಸಿಕೊಡುವವರು ಆ ದಿನದಿಂದ ಇದರೊಳಗೆ ಬಂದರು.

ಗೊಂದಲ ಜಾಸ್ತಿಯಾದಾಗ ಇಲಾಖೆಯೇ 2021ರ ಸೆಪ್ಟೆಂಬರ್ 20ರಂದು 159ನೇ ಸುತ್ತೋಲೆ ಹೊರಡಿಸಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಕಾಗದಗಳಲ್ಲಿ ಅತ್ಯಂತ ಉಪಯೋಗದ್ದು ಅದೇ. ಅದು ಹೇಳುವುದು ಇಷ್ಟು. ಕನಿಷ್ಠ ಮೂರು ಜನ ಬೇಕು, ಎರಡು ಬೇರೆ ಬೇರೆ ಪೂರೈಕೆ ಬೇಕು. ಒಂದು ಮುಖ್ಯ ಪೂರೈಕೆ, ಅದು ಇತರ ಇಬ್ಬರ ನಡುವಿನದು. ಇನ್ನೊಂದು ಅದನ್ನು ಕೂಡಿಸಿಕೊಡುವ ಉಪ ಪೂರೈಕೆ, ಅದು ಮಧ್ಯವರ್ತಿಯದು. ಮತ್ತೊಂದು ಮುಖ್ಯ ಮಾತು: ಒಬ್ಬರು ಒಪ್ಪಿಕೊಂಡ ಕೆಲಸದ ಪೂರ್ತಿ ಅಥವಾ ಸ್ವಲ್ಪ ಭಾಗವನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟರೆ, ಆ ಉಪಗುತ್ತಿಗೆದಾರ ಮಧ್ಯವರ್ತಿಯಲ್ಲ. ಅವನು ಮುಖ್ಯ ಕೆಲಸವನ್ನೇ ಮಾಡುತ್ತಿದ್ದಾನೆ, ಯಾರನ್ನೂ ಯಾರಿಗೂ ಕೂಡಿಸುತ್ತಿಲ್ಲ.

ಇದನ್ನು ಮದುವೆ ಮನೆಗೆ ಹೋಲಿಸಿ ಕಾಕಾಗೆ ಹೇಳಿದೆ. ಗಂಡು ಹೆಣ್ಣು ಕೂಡಿಸಿದವರು ಮಧ್ಯವರ್ತಿ. ಅಡುಗೆ ಗುತ್ತಿಗೆ ಹಿಡಿದವರ ಹತ್ತಿರ ಬರೀ ಹೋಳಿಗೆ ಮಾಡಿಕೊಡಲು ಒಪ್ಪಿಕೊಂಡ ಹೆಂಗಸು ಉಪಗುತ್ತಿಗೆ. ಆಕೆ ಇರುವುದೂ ಅದೇ ಮದುವೆ ಮನೆಯಲ್ಲೇ, ಆದರೆ ಮದುವೆ ಕೂಡಿಸಿದ್ದು ಆಕೆಯಲ್ಲ.

ಕಾಕಾ ನಕ್ಕರು. "ಹಂಗಾರ ನಾ ಎರಡೂ ಮಾಡೇನಿ."

ಹೌದು, ಅಲ್ಲೇ ಇತ್ತು ಗಂಟು. ಕಮಿಷನ್ನಿನ 12 ಲಕ್ಷಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಯಂತ್ರ ಮಾರಿದ್ದು ಜರ್ಮನ್ ಕಂಪನಿ, ಕೊಂಡದ್ದು ಚಾಕಣದ ಕಾರ್ಖಾನೆ, ನಡುವೆ ಕಾಕಾ. ಮಾರಾಟ ಆದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಪಠ್ಯಪುಸ್ತಕದ ದಲ್ಲಾಳಿ. ಯಂತ್ರ ಕೊಳ್ಳುವವರೂ ಭಾರತದ ಹೊರಗಿದ್ದಿದ್ದರೆ 2019ರ ಒಂದು ಅಧಿಸೂಚನೆಯ ವಿನಾಯಿತಿ ಸಿಗುತ್ತಿತ್ತು. ಚಾಕಣ ಹೊರದೇಶ ಅಲ್ವಲ್ಲ.

42 ಲಕ್ಷದ ಕಥೆ ಬೇರೆ. ಜರ್ಮನ್ ಕಂಪನಿ ತನ್ನ ಗಿರಾಕಿಗಳಿಗೆ ಯಂತ್ರದ ಜೊತೆ ಫಿಕ್ಸ್ಚರಿನ ವಿನ್ಯಾಸವನ್ನೂ ಕೊಡುವುದಾಗಿ ಒಪ್ಪಿಕೊಂಡಿರುತ್ತದೆ. ಆ ವಿನ್ಯಾಸ ಮಾಡಿಕೊಡುವ ಕೆಲಸವನ್ನು ಕಾಕಾಗೆ ವಹಿಸಿದೆ. ಉಪಗುತ್ತಿಗೆ ಅಂದರೆ ಇದೇ.

ಇಲ್ಲಿ ನನಗೊಂದು ಅನುಮಾನ ಕಾಡಿತು. "ಕಾಕಾ, ನೀವು ಗಿರಾಕಿ ಶೆಡ್ಡಿಗೆ ಹೋಗಿ ಮಷೀನ್ ಮುಟ್ಟತೀರೇನು? ರಿಪೇರಿ, ಸೆಟ್ಟಿಂಗ್, ಏನರೆ?" ಅಂತ ಕೇಳಿದೆ. ಯಾಕೆಂದರೆ 13(3)ರಲ್ಲಿ ಇನ್ನೊಂದು ಹೊಂಡ ಇದೆ. ಸೇವೆ ಮಾಡಲು ಒಂದು ವಸ್ತುವನ್ನು ಕೈಗೆ ಕೊಡಲೇಬೇಕಾದರೆ, ಆ ಕೆಲಸ ನಡೆದ ಜಾಗವೇ ಪೂರೈಕೆಯ ಸ್ಥಳ. ದೂರದಿಂದ ಇಂಟರ್‌ನೆಟ್ ಮೂಲಕ ಮಾಡಿದರೂ ಆ ವಸ್ತು ಇರುವ ಊರೇ ಲೆಕ್ಕ. ಯಂತ್ರ ಚಾಕಣದಲ್ಲಿದ್ದರೆ ಮತ್ತೆ ಮಹಾರಾಷ್ಟ್ರಕ್ಕೇ ಬಂದು ಬೀಳುತ್ತಿದ್ದೆವು. ಮಧ್ಯವರ್ತಿಯಲ್ಲ ಅಂತ ಗೆದ್ದು, ಇಲ್ಲಿ ಸೋಲಬಹುದಿತ್ತು. ಕಾಕಾ ಮುಟ್ಟುತ್ತಿರಲಿಲ್ಲ. ಮಷೀನ್ ನೋಡಿಕೊಳ್ಳಲು ಕಂಪನಿಯ ಬೇರೆ ಎಂಜಿನಿಯರುಗಳಿದ್ದರು. ಇವರದು ಬರೀ ಡ್ರಾಯಿಂಗ್.

ಅರ್ಧ ಒಪ್ಪಿಕೊಂಡು ಅರ್ಧಕ್ಕೆ ಹೋರಾಟ

ಕಮಿಷನ್ನಿನ ತೆರಿಗೆ ಕಟ್ಟಿಬಿಡೋಣ ಅಂದಾಗ ಕಾಕಾಗೆ ಸಿಟ್ಟು ಬಂತು. "ನೀ ನನ್ನ ಕಡೀ ಅದೀಯೋ ಅವರ ಕಡೀ ಅದೀಯೋ?" ಅಂದರು. ನನ್ನ ಲೆಕ್ಕ ಬೇರೆ ಇತ್ತು. ಸೋಲುವ ವಾದವನ್ನು ಗೆಲ್ಲುವ ವಾದಕ್ಕೆ ಕಟ್ಟಿದರೆ ಎರಡೂ ಮುಳುಗುತ್ತವೆ. ಒಂದೇ ಬಿಲ್ಲಿನಲ್ಲಿ ಎರಡು ಕೆಲಸ ಕಲಸಿಟ್ಟದ್ದೇ ನಮ್ಮ ರೋಗ. ಅದನ್ನು ನಾವೇ ಬಿಡಿಸಿ ತೋರಿಸದಿದ್ದರೆ ಅಧಿಕಾರಿ ಯಾಕೆ ಬಿಡಿಸುತ್ತಾರೆ?

12 ಲಕ್ಷಕ್ಕೆ 18% ಅಂದರೆ 2.16 ಲಕ್ಷ. ಕಮಿಷನ್ನಿನ ಬಿಲ್ಲು ಎರಡು, ಸೆಪ್ಟೆಂಬರಿನದೊಂದು, ಮಾರ್ಚಿನದೊಂದು, ತಲಾ 6 ಲಕ್ಷ. ಮೊದಲನೆಯದಕ್ಕೆ ಒಂದು ವರ್ಷದ, ಎರಡನೆಯದಕ್ಕೆ ಆರು ತಿಂಗಳ ಬಡ್ಡಿ, ವರ್ಷಕ್ಕೆ 18%ರಂತೆ ಸುಮಾರು 29 ಸಾವಿರ. ತೆರಿಗೆಯ ನೋಟಿಸು ಬರುವ ಮುಂಚೆ ತಾವಾಗಿಯೇ ಬಡ್ಡಿ ಸಮೇತ ಕಟ್ಟಿದರೆ ಇಂಥ ಪ್ರಕರಣದಲ್ಲಿ ದಂಡ ಇಲ್ಲ. ಹಾಗೆ ತಾವಾಗಿ ಕಟ್ಟುವ ಫಾರಂ DRC-03ರಲ್ಲಿ ಕಟ್ಟಿದೆವು.

ಕಟ್ಟುವಾಗ ಜೊತೆಗೊಂದು ಪತ್ರವನ್ನೂ ಇಟ್ಟೆ, ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಅಂತ. ಇದಕ್ಕೆ ಕಾರಣ ಬಾಂಬೆ ಹೈಕೋರ್ಟಿನ ಧರ್ಮೇಂದ್ರ ಜಾನಿ ಪ್ರಕರಣ. 2021ರ ಜೂನಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದರಲ್ಲಿ ಭಿನ್ನ ತೀರ್ಪು ಕೊಟ್ಟರು. 13(8)(b) ಸಂವಿಧಾನಕ್ಕೆ ವಿರುದ್ಧ ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು. 2023ರ ಏಪ್ರಿಲಿನಲ್ಲಿ ಮೂರನೆಯ ನ್ಯಾಯಮೂರ್ತಿ ಅದು ಸರಿಯಾದ ಕಾನೂನೇ ಅಂದರು, ಆದರೆ ಐಜಿಎಸ್‌ಟಿ ಕಾಯ್ದೆಗೆ ಮಾತ್ರ ಸೀಮಿತ, ಕೇಂದ್ರ ಮತ್ತು ಮಹಾರಾಷ್ಟ್ರದ ಜಿಎಸ್‌ಟಿ ಹೇರಲು ಅದನ್ನು ಬಳಸುವಂತಿಲ್ಲ ಅಂದರು. ಪೂರೈಕೆ ಮಾಡುವವರೂ ಪೂರೈಕೆಯ ಸ್ಥಳವೂ ಒಂದೇ ರಾಜ್ಯದಲ್ಲಿದ್ದರೆ ಇಲಾಖೆ ಸಾಮಾನ್ಯವಾಗಿ ಕೇಳುವುದೇ ಆ ಎರಡು ತೆರಿಗೆ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂಥ ತೀರ್ಪು. "ಹೈಕೋರ್ಟಿಗೆ ಹೋಗೂಣೇನು?" ಅಂದರು ಕಾಕಾ, ಕಣ್ಣಲ್ಲಿ ಆಸೆ. ಮುಂಬೈ ವಕೀಲರ ಫೀಸು ಹೇಳಿದೆ. ಸುಮ್ಮನಾದರು.

42 ಲಕ್ಷಕ್ಕೆ ಮಾತ್ರ ಪೂರ್ತಿ ತಯಾರಿ ಮಾಡಿದೆವು. ಕಾಕಾ ಹಳೇ ಕಾರ್ಖಾನೆಯ ಶಿಸ್ತಿನವರು, ಡ್ರಾಯಿಂಗ್ ರಿಜಿಸ್ಟರ್ ಇಟ್ಟಿದ್ದರು. ವರ್ಷದಲ್ಲಿ 61 ಡ್ರಾಯಿಂಗ್, ಪ್ರತಿಯೊಂದಕ್ಕೂ ನಂಬರು, ತಾರೀಖು, ಎಷ್ಟು ಗಂಟೆ, ಯಾವ ಯಂತ್ರಕ್ಕೆ. ಅದನ್ನು ನೋಡುತ್ತ ಕೂತಾಗ ನಮ್ಮ ಕೇಸು ಗೆಲ್ಲಿಸಿದ ಸಂಗತಿ ಕಣ್ಣಿಗೆ ಬಿತ್ತು. 61ರಲ್ಲಿ 38 ಡ್ರಾಯಿಂಗು ಪೋಲೆಂಡ್, ತುರ್ಕಿ, ಜರ್ಮನಿಯ ಗಿರಾಕಿಗಳ ಯಂತ್ರಗಳಿಗೆ ಸೇರಿದ್ದವು. ಆ ಗಿರಾಕಿಗಳ ಮುಖವನ್ನೂ ಕಾಕಾ ನೋಡಿಲ್ಲ. ನೋಡದವರಿಗೆ ದಲ್ಲಾಳಿ ಆಗುವುದು ಹೇಗೆ? ಎರಡನೆಯದು, ಭಾರತದಲ್ಲಿ ಒಂದೂ ಯಂತ್ರ ಮಾರದ ತಿಂಗಳಲ್ಲೂ 3.5 ಲಕ್ಷ ಬಂದಿತ್ತು, ಮಾರಾಟ ಜೋರಾದ ತಿಂಗಳಲ್ಲೂ ಅಷ್ಟೇ. ಆ ಇಮೇಲಿನ ಎರಡು ಸಾಲು ಕಮಿಷನ್ ಕೆಲಸದ್ದು, ಅದರ ತೆರಿಗೆ ಕಟ್ಟಿದ್ದೇವೆ ಅಂತ ಬರೆದೆವು.

ಅಧಿಕಾರಿ ಒಪ್ಪಲಿಲ್ಲ. ಒಪ್ಪಂದ ಒಂದೇ ಅನ್ನುವ ಒಂದೇ ಮಾತು ಹಿಡಿದು RFD-06 ಆದೇಶದಲ್ಲಿ ಪೂರ್ತಿ ತಿರಸ್ಕರಿಸಿದರು. ಮೂರು ತಿಂಗಳ ಒಳಗೆ ಮೇಲ್ಮನವಿ ಹಾಕಿದೆವು. ಅಲ್ಲಿ ವಿಚಾರಣೆ ಇಪ್ಪತ್ತು ನಿಮಿಷವೂ ನಡೆಯಲಿಲ್ಲ. ಮೇಲ್ಮನವಿ ಅಧಿಕಾರಿ ರಿಜಿಸ್ಟರನ್ನು ಕೇಳಿ ತರಿಸಿಕೊಂಡರು, ಪೋಲೆಂಡಿನ ಸಾಲುಗಳ ಮೇಲೆ ಬೆರಳಾಡಿಸಿದರು. ಆದೇಶದಲ್ಲಿ 42 ಲಕ್ಷ ರಫ್ತು, 12 ಲಕ್ಷ ಮಧ್ಯವರ್ತಿ ಸೇವೆ ಅಂತ ಬಂತು.

ರೀಫಂಡಿನ ಲೆಕ್ಕ ಹೀಗಾಯಿತು. ರಫ್ತಿನ ವಹಿವಾಟನ್ನು ಒಟ್ಟು ವಹಿವಾಟಿನಿಂದ ಭಾಗಿಸಿ ಇನ್‌ಪುಟ್ ಕ್ರೆಡಿಟ್ಟಿಗೆ ಗುಣಿಸಬೇಕು:

```
42,00,000 × 1,80,000 ÷ 54,00,000 = 1,40,000
```

1.40 ಲಕ್ಷ ಬ್ಯಾಂಕಿಗೆ ಬಂತು. ಉಳಿದ 40 ಸಾವಿರ ಕ್ರೆಡಿಟ್ ಲೆಡ್ಜರಿಗೆ ವಾಪಸ್ ಬಂತು, ಮುಂದಿನ ಕಮಿಷನ್ನಿನ ತೆರಿಗೆಗೆ ಬಳಸಿಕೊಂಡೆವು.

ಜರ್ಮನಿಯ ಕಡೆಯಿಂದ ನೋಡಿದರೆ

ಕಾಕಾಗೆ ಕೊನೆವರೆಗೂ ಅರಗದೇ ಉಳಿದದ್ದು ಇದು. ಜರ್ಮನ್ ಕಂಪನಿಯ ಲೆಕ್ಕಿಗರು ಅದೇ ಕಮಿಷನ್ನಿಗೆ ತಮ್ಮ ದೇಶದಲ್ಲೂ ತೆರಿಗೆ ತೋರಿಸಿದ್ದರು. ಯುರೋಪಿನ ವ್ಯಾಟ್ ನಿರ್ದೇಶನದ 44ನೇ ವಿಧಿ ಪ್ರಕಾರ, ಒಂದು ಉದ್ದಿಮೆ ಇನ್ನೊಂದು ಉದ್ದಿಮೆಗೆ ಕೊಟ್ಟ ಸೇವೆಯ ಸ್ಥಳ ಪಡೆಯುವವರ ಊರು. ದಲ್ಲಾಳಿ ಕೆಲಸಕ್ಕೂ ಅಷ್ಟೇ. ಹೊರಗಿನವರ ಬಿಲ್ಲಿಗೆ ಕಂಪನಿಯೇ 19% ತೋರಿಸಿ, ಅದೇ ರಿಟರ್ನಿನಲ್ಲಿ ಅದನ್ನು ಕ್ರೆಡಿಟ್ ಅಂತ ಕಳೆದುಕೊಳ್ಳುತ್ತದೆ. ಅವರ ಜೇಬಿನಿಂದ ಏನೂ ಹೋಗುವುದಿಲ್ಲ. ಆದರೆ ಭಾರತದ 18%ಕ್ಕೆ ಜರ್ಮನಿಯಲ್ಲಿ ಕ್ರೆಡಿಟ್ ಇಲ್ಲ. ಅದು ಪೂರ್ತಿ ಖರ್ಚು. ಒಂದೇ ಸೇವೆಯನ್ನು ಎರಡೂ ದೇಶ ನಮ್ಮದು ಅಂದವು, ಬೆಲೆ ತೆತ್ತದ್ದು ಭೋಸರಿ.

ತಮಾಷೆ ಅಂದರೆ ಇದನ್ನೇ ತಿರುಗಿಸಿ ನೋಡಿ. ಪುಣೆಯ ಕಂಪನಿಯೊಂದು ತನ್ನ ಪಂಪುಗಳನ್ನು ಮಾರಿಸಿಕೊಡಲು ಜರ್ಮನಿಯ ದಲ್ಲಾಳಿಗೆ ಕಮಿಷನ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ನಮ್ಮ ಆಗಿನ ನಿಯಮ ಪ್ರಕಾರ ಪೂರೈಕೆಯ ಸ್ಥಳ ದಲ್ಲಾಳಿ ಇರುವ ಜರ್ಮನಿ, ಹಾಗಾಗಿ ಇಲ್ಲಿ ತೆರಿಗೆ ಇಲ್ಲ. ಅವರ ನಿಯಮ ಪ್ರಕಾರ ಪಡೆಯುವವರಿರುವ ಭಾರತ, ಹಾಗಾಗಿ ಅಲ್ಲೂ ಇಲ್ಲ. ನಮ್ಮ ಸಣ್ಣ ದಲ್ಲಾಳಿಗೆ ಎರಡು ತೆರಿಗೆ, ಅವರ ದಲ್ಲಾಳಿಗೆ ಒಂದೂ ಇಲ್ಲ. ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ ಒಇಸಿಡಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸೇವೆ ಬಳಕೆಯಾಗುವ ದೇಶಕ್ಕೇ ತೆರಿಗೆ ಸೇರಲಿ ಅನ್ನುತ್ತದೆ. ನಮ್ಮ ಸಾಮಾನ್ಯ ನಿಯಮವೂ ಅದೇ ದಾರಿಯದು, ಈ ಒಂದು ಉಪಕಲಮು ಮಾತ್ರ ಎದುರು ದಿಕ್ಕಿಗೆ ನಡೆಯುತ್ತಿತ್ತು. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ.

ಈಗ ಕಾಕಾಗೆ ಎರಡು ಒಪ್ಪಂದ, ಎರಡು ಸರಣಿಯ ಬಿಲ್ಲು. ಡ್ರಾಯಿಂಗಿನ ಬಿಲ್ಲಿನಲ್ಲಿ ಡ್ರಾಯಿಂಗ್ ನಂಬರುಗಳೇ ಇರುತ್ತವೆ. ಕಮಿಷನ್ನಿನ ಬಿಲ್ಲಿಗೆ 18% ಸೇರಿಸತೊಡಗಿದರು. ಜರ್ಮನಿಯವರು ಮೊದಲು ಒಪ್ಪಲಿಲ್ಲ. ಎಳೆದಾಡಿ ಕೊನೆಗೆ ಅರ್ಧ ತೆರಿಗೆ ಅವರು ಹೊರುವ ಹಾಗೆ ಕಮಿಷನ್ ದರ ಸ್ವಲ್ಪ ಏರಿಸಿದರು. ಬೆಲೆಯ ಮಾತು ಡ್ರಾಯಿಂಗಿನ ಇಮೇಲಿನಲ್ಲಿ ಬರಕೂಡದು ಅಂತ ಕಾಕಾ ಹುಡುಗರಿಗೆ ಗೋಡೆ ಮೇಲೆ ಬರೆದು ಅಂಟಿಸಿದ್ದಾರೆ.

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ 13(8)(b)ಯನ್ನು ತೆಗೆದುಹಾಕಬೇಕು ಅಂತ ಶಿಫಾರಸು ಮಾಡಿತು. ತೆಗೆದರೆ ದಲ್ಲಾಳಿ ಕೆಲಸಕ್ಕೂ ಸಾಮಾನ್ಯ ನಿಯಮವೇ, ಸ್ಥಳ ಪಡೆಯುವವರ ದೇಶ. ಸುದ್ದಿ ನೋಡಿದ ಮರುದಿನ ಬೆಳಿಗ್ಗೆ ಏಳಕ್ಕೇ ಕಾಕಾ ಫೋನು. "ತಮ್ಮಾ, ಹಂಗಾರ ನನ್ನ 2.16 ಲಕ್ಷ ವಾಪಸ್ ಬರತೈತೇನು?"

ಮಂಡಳಿಯದು ಶಿಫಾರಸು, ಕಾಯ್ದೆ ತಿದ್ದುವುದು ಸಂಸತ್ತು, ತಿದ್ದುಪಡಿ ಯಾವ ದಿನದಿಂದ ಜಾರಿಯೋ ಆ ದಿನದ ಮೇಲಿನ ಬಿಲ್ಲುಗಳಿಗೆ ಅನ್ವಯ ಅಂತ ಹಿಡಿದುಕೊಂಡೇ ನಡೆಯಬೇಕು, 2022ರ ಬಿಲ್ಲಿಗೆ 2022ರ ಕಾನೂನೇ ಅಂತ ಹೇಳಿದೆ. ಅತ್ತ ಸ್ವಲ್ಪ ಹೊತ್ತು ಮಾತಿಲ್ಲ.

"ಹಂಗಾರ ಈ ತಿಂಗಳದ ಬಿಲ್ಲಿಗೆ 18% ಹಾಕಲೋ ಬ್ಯಾಡೋ?"

"ಹಾಕ್ರಿ ಕಾಕಾ," ಅಂದೆ.